ವಿದ್ಯಾರ್ಥಿವೇತನ ಪರೀಕ್ಷೆಯ ಕಟ್‌ಆಫ್ ಮತ್ತು ರಿಗ್ರೆಷನ್ ಡಿಸ್‌ಕಂಟಿನ್ಯುಟಿ ವಿನ್ಯಾಸ

ಪರೀಕ್ಷೆಯಲ್ಲಿ ಇಂತಿಷ್ಟು ಅಂಕ ಬಂದವರಿಗೆ ವಿದ್ಯಾರ್ಥಿವೇತನ ಸಿಗುತ್ತದೆ, ಅದಕ್ಕಿಂತ ಒಂದೇ ಒಂದು ಅಂಕ ಕಡಿಮೆ ಬಂದವರಿಗೆ ಸಿಗುವುದಿಲ್ಲ. ಈ ನಿಯಮವಿರುವ ಕಡೆ, ಗೆರೆಯ ಎರಡು ಬದಿಗಳಲ್ಲಿ ನಿಂತ ಮಕ್ಕಳ ಮುಂದಿನ ಬದುಕನ್ನು ಹೋಲಿಸಿ ವೇತನದ ಪರಿಣಾಮವನ್ನು ಅಳೆಯುವ ವಿಧಾನಕ್ಕೆ ರಿಗ್ರೆಷನ್ ಡಿಸ್‌ಕಂಟಿನ್ಯುಟಿ ವಿನ್ಯಾಸ ಎಂದು ಹೆಸರು. ಸಂಕ್ಷೇಪವಾಗಿ ಇದನ್ನು ಆರ್‌ಡಿ ಎನ್ನುತ್ತಾರೆ. ಸರ್ಕಾರಿ ಯೋಜನೆಗಳ ಮೌಲ್ಯಮಾಪನ ಕಲಿಯುವ ವಿದ್ಯಾರ್ಥಿಗಳಿಗೆ ಈ ವಿಧಾನವನ್ನು ಸಾಮಾನ್ಯವಾಗಿ ವಿದ್ಯಾರ್ಥಿವೇತನದ ಉದಾಹರಣೆಯಿಂದಲೇ ಪರಿಚಯಿಸುತ್ತಾರೆ. ವಿಧಾನ ಹುಟ್ಟಿದ್ದೂ ಅಲ್ಲಿಯೇ.

ಸಮಸ್ಯೆ ಹೀಗಿದೆ. ವೇತನ ಪಡೆದವರಲ್ಲಿ ಹೆಚ್ಚು ಮಂದಿ ಕಾಲೇಜು ಸೇರಿದರು ಎಂದರೆ ಅದು ವೇತನದ ಫಲವೋ, ಅವರು ಮೊದಲೇ ಚೆನ್ನಾಗಿ ಓದುವವರಾಗಿದ್ದುದರ ಫಲವೋ ಎಂದು ಹೇಳಲಾಗುವುದಿಲ್ಲ. ಚೀಟಿ ಎತ್ತಿ ವೇತನ ಹಂಚಿದ್ದರೆ ಈ ಗೊಂದಲ ಇರುತ್ತಿರಲಿಲ್ಲ, ಆದರೆ ಪ್ರತಿಭೆಗೆಂದು ಇಟ್ಟ ವೇತನವನ್ನು ಯಾವ ಸರ್ಕಾರವೂ ಚೀಟಿ ಎತ್ತಿ ಹಂಚುವುದಿಲ್ಲ. ಆದರೆ ಗೆರೆಯ ತೀರ ಹತ್ತಿರದಲ್ಲಿ ಪರಿಸ್ಥಿತಿ ಚೀಟಿ ಎತ್ತುವುದಕ್ಕೆ ಹತ್ತಿರವಾಗುತ್ತದೆ. ಗೆರೆ 310 ಅಂಕದಲ್ಲಿದ್ದರೆ 309 ಬಂದವರಿಗೂ 310 ಬಂದವರಿಗೂ ಓದಿನಲ್ಲಿ, ಮನೆಯ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಒಂದು ಪ್ರಶ್ನೆಯ ಊಹೆ ಸರಿಯಾಗಿದ್ದು, ಪರೀಕ್ಷೆಯ ದಿನ ಜ್ವರ ಬಂದದ್ದು, ಓದಿದ ಪಾಠವೇ ಪ್ರಶ್ನೆಯಾದದ್ದು ಅಷ್ಟು ವ್ಯತ್ಯಾಸ ಮಾಡಬಲ್ಲದು. ಯಾರೂ ಪ್ರಯೋಗವೆಂದು ಯೋಜಿಸದಿದ್ದರೂ ನಿಯಮವೇ ಅಲ್ಲೊಂದು ಪ್ರಯೋಗವನ್ನು ಉಂಟುಮಾಡಿರುತ್ತದೆ. ಇದನ್ನೇ ನೈಸರ್ಗಿಕ ಪ್ರಯೋಗ ಎನ್ನುವುದು.

ಮೊದಲ ಅಧ್ಯಯನ

1960ರಲ್ಲಿ ಅಮೆರಿಕದ ಡೊನಾಲ್ಡ್ ಥಿಸಲ್‌ಥ್ವೇಟ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ವಿಧಾನವನ್ನು ಮೊದಲು ಪ್ರಕಟಿಸಿದರು. ಅಲ್ಲಿನ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ವೇತನದ ಅಂಚಿಗೆ ಬಂದು ಅದು ಕೈತಪ್ಪಿದ ವಿದ್ಯಾರ್ಥಿಗಳನ್ನು ಅವರು ಆರಿಸಿಕೊಂಡರು. ಇವರಲ್ಲಿ ಒಂದು ಗೆರೆಗಿಂತ ಮೇಲಿದ್ದವರಿಗೆ ಅರ್ಹತಾ ಪ್ರಮಾಣಪತ್ರ ಬರುತ್ತಿತ್ತು, ಅವರ ಹೆಸರು ಕಾಲೇಜುಗಳಿಗೆ ಕಳಿಸುವ ಪುಸ್ತಿಕೆಯಲ್ಲಿ ಅಚ್ಚಾಗುತ್ತಿತ್ತು. ಗೆರೆಗಿಂತ ಕೆಳಗಿದ್ದವರಿಗೆ ಬರುತ್ತಿದ್ದುದು ಒಂದು ಪ್ರಶಂಸಾ ಪತ್ರ ಮಾತ್ರ. ಈ ಸಾರ್ವಜನಿಕ ಮನ್ನಣೆ ಮಕ್ಕಳ ದಾರಿಯನ್ನು ಬದಲಿಸುತ್ತದೆಯೇ ಎಂಬುದು ಪ್ರಶ್ನೆ.

ಫಲಿತಾಂಶ ಇಂದಿಗೂ ಪಾಠವಾಗುವಂಥದು. ಒಂದೇ ಬಗೆಯ ಹಿನ್ನೆಲೆಯವರನ್ನು ಜೋಡಿ ಮಾಡಿ ಹೋಲಿಸುವ ಹಳೆಯ ವಿಧಾನ, ಮನ್ನಣೆಯಿಂದ ಬೇರೆ ವೇತನಗಳು ಸಿಗುವುದು ಹೆಚ್ಚಿತು, ಜೊತೆಗೆ ಬೌದ್ಧಿಕ ಜೀವನದ ಬಗೆಗಿನ ಮನೋಭಾವವೂ ಬದಲಾಯಿತು ಎಂದು ಹೇಳುತ್ತಿತ್ತು. ಗೆರೆಯ ಬಳಿಯ ಹೋಲಿಕೆ ಮೊದಲನೆಯದನ್ನು ಎತ್ತಿಹಿಡಿಯಿತು, ಎರಡನೆಯದನ್ನು ತಳ್ಳಿಹಾಕಿತು. ಮುಂದಿನ ವೃತ್ತಿಯ ಯೋಜನೆಗಳ ವಿಚಾರದಲ್ಲಿ ಉತ್ತರ ಖಚಿತವಾಗಲಿಲ್ಲ. ಅಂದರೆ ಕೈಗೆ ಸಿಕ್ಕ ಎಲ್ಲ ಅಂಶಗಳನ್ನು ಹೊಂದಿಸಿ ಹೋಲಿಸಿದರೂ ಕಾಣದ ಅಂಶಗಳು ಉಳಿದು ಮೋಸ ಮಾಡಬಲ್ಲವು ಎಂಬುದು ಒಂದೇ ದತ್ತಾಂಶದಲ್ಲಿ ಬಯಲಾಗಿತ್ತು.

ಆ ಬಳಿಕ ವಿಧಾನ ಬಹುಕಾಲ ಮೂಲೆಯಲ್ಲಿತ್ತು. ಅರ್ಥಶಾಸ್ತ್ರಜ್ಞರು ಇದನ್ನು ವ್ಯಾಪಕವಾಗಿ ಕೈಗೆತ್ತಿಕೊಂಡದ್ದು 1990ರ ದಶಕದ ಕೊನೆಯಲ್ಲಿ. 2001ರಲ್ಲಿ ಹಾನ್, ಟಾಡ್ ಮತ್ತು ವಾನ್ ಡೆರ್ ಕ್ಲಾವ್ ಎಂಬ ಮೂವರು ಇದರ ಗಣಿತದ ಆಧಾರವನ್ನು ಖಚಿತಪಡಿಸಿದರು. ಅವರಲ್ಲಿ ಕೊನೆಯವರು ಮರುವರ್ಷ ಕಾಲೇಜೊಂದರ ಹಣಕಾಸು ನೆರವು ವಿದ್ಯಾರ್ಥಿಗಳ ದಾಖಲಾತಿಯನ್ನು ಎಷ್ಟು ಬದಲಿಸುತ್ತದೆ ಎಂದು ಇದೇ ವಿಧಾನದಿಂದ ಅಳೆದರು.

ಕೊಲಂಬಿಯದ ಸೆರ್ ಪಿಲೊ ಪಾಗ

ವಿಧಾನದ ಒಳಹೊರಗನ್ನು ತಿಳಿಯಲು ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ಸೆರ್ ಪಿಲೊ ಪಾಗ ಎಂಬ ಯೋಜನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಧ್ಯಕ್ಷ ಹುವಾನ್ ಮಾನ್ವೆಲ್ ಸಾಂತೋಸ್ ಅವರ ಸರ್ಕಾರ ಇದನ್ನು 2014ರ ಅಕ್ಟೋಬರ್ 1ರಂದು ಪ್ರಕಟಿಸಿತು. ಬಡ ಮನೆಯ ಪ್ರತಿಭಾವಂತರಿಗೆ ಉನ್ನತ ದರ್ಜೆಯ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳಲ್ಲಿ ಓದಲು ಪೂರ್ತಿ ಶುಲ್ಕ, ಜೊತೆಗೆ ಜೀವನ ನಿರ್ವಹಣೆಗೆ ಭತ್ಯೆ. ಲೆಕ್ಕದಲ್ಲಿ ಇದು ಸಾಲ, ಆದರೆ ಪದವಿ ಮುಗಿಸಿದರೆ ಮನ್ನಾ. ವರ್ಷಕ್ಕೆ ಸುಮಾರು 10,000 ವಿದ್ಯಾರ್ಥಿಗಳು. ನಾಲ್ಕು ತಂಡಗಳ ಆಯ್ಕೆಯಾದ ಮೇಲೆ ಯೋಜನೆ ನಿಂತಿತು.

ಅರ್ಹತೆಗೆ ಎರಡು ಗೆರೆಗಳಿದ್ದವು. ಮೊದಲನೆಯದು ಸಾಬೆರ್ 11 ಎಂಬ ರಾಷ್ಟ್ರೀಯ ಪರೀಕ್ಷೆ. ಪ್ರೌಢಶಿಕ್ಷಣ ಮುಗಿಸುವವರು ಬರೆಯುವ ಈ ಪರೀಕ್ಷೆಯ ಒಟ್ಟು ಅಂಕ 500. ಮೊದಲ ವರ್ಷ 310 ಅಥವಾ ಅದಕ್ಕಿಂತ ಹೆಚ್ಚು ಬಂದಿರಬೇಕಿತ್ತು. ಎರಡನೆಯದು ಸಿಸ್ಬೆನ್ ಎಂಬ ಬಡತನದ ಸೂಚ್ಯಂಕ. ಮನೆಯ ಗೋಡೆ, ನೆಲ, ಸೌಲಭ್ಯ, ಕುಟುಂಬದವರ ಓದು ಇತ್ಯಾದಿಗಳನ್ನು ಸಮೀಕ್ಷೆ ಮಾಡಿ ಆಗ 0ಯಿಂದ 100ರವರೆಗೆ ಅಂಕ ಕೊಡುತ್ತಿದ್ದರು, ಅಂಕ ಕಡಿಮೆಯಾದಷ್ಟೂ ಬಡತನ ಹೆಚ್ಚು. ದೊಡ್ಡ 14 ನಗರಗಳಲ್ಲಿ 57.21, ಉಳಿದ ಪಟ್ಟಣಗಳಲ್ಲಿ 56.32, ಹಳ್ಳಿಗಳಲ್ಲಿ 40.75 ಎಂಬ ಮಿತಿಗಿಂತ ಕೆಳಗಿರಬೇಕಿತ್ತು. ಇವೆರಡರ ಜೊತೆಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಪ್ರವೇಶವನ್ನೂ ಗಿಟ್ಟಿಸಿಕೊಳ್ಳಬೇಕಿತ್ತು.

ಹುವಾನಿತಾ ಲೊಂಡೊನ್ಯೊ ವೇಲೆಸ್, ಕಾತೆರಿನ್ ರೊಡ್ರಿಗೆಸ್ ಮತ್ತು ಫಾಬಿಯೊ ಸಾಂಚೆಸ್ ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಈ ಎರಡು ಗೆರೆಗಳನ್ನೂ ಬಳಸಿಕೊಂಡಿತು. ಅದರ ಬಲವಿರುವುದು ಸೂತ್ರಗಳಿಗಿಂತ ಹೆಚ್ಚಾಗಿ ತಾರೀಖುಗಳಲ್ಲಿ. ವಿದ್ಯಾರ್ಥಿಗಳು ಪರೀಕ್ಷೆ ಬರೆದದ್ದು ಆಗಸ್ಟ್‌ನಲ್ಲಿ, ಯೋಜನೆ ಪ್ರಕಟವಾದದ್ದು ಅಕ್ಟೋಬರ್‌ನಲ್ಲಿ. ಉತ್ತರ ಬರೆಯುವಾಗ 310 ಎಂಬ ಸಂಖ್ಯೆಗೆ ಏನೂ ಅರ್ಥವಿರಲಿಲ್ಲ, ಅದನ್ನು ಮುಟ್ಟಲು ಯಾರೂ ವಿಶೇಷವಾಗಿ ಹೆಣಗಿರಲಿಲ್ಲ. ಮೌಲ್ಯಮಾಪಕರಿಗೂ ಅಲ್ಲೊಂದು ಗೆರೆ ಬೀಳಲಿದೆ ಎಂಬುದು ಗೊತ್ತಿರಲಿಲ್ಲ. ಬಡತನದ ಸೂಚ್ಯಂಕದಲ್ಲೂ ಘೋಷಣೆಗೆ ಮೊದಲೇ ದಾಖಲಾಗಿದ್ದ ಅಂಕವನ್ನು ಮಾತ್ರ ಪರಿಗಣಿಸಿದರು.

ಇದೇ ಸಿಸ್ಬೆನ್ ಸೂಚ್ಯಂಕದ ಹಿಂದಿನ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ತಾರೀಖಿನ ಮಹತ್ವ ತಿಳಿಯುತ್ತದೆ. ಅದರ ಮೊದಲ ಆವೃತ್ತಿಯಲ್ಲಿ ಸಾಮಾಜಿಕ ಯೋಜನೆಗಳಿಗೆ ಅರ್ಹತೆಯ ಗೆರೆ 47 ಆಗಿತ್ತು. 1997ರ ಸುಮಾರಿಗೆ ಅಂಕ ಲೆಕ್ಕ ಹಾಕುವ ಸೂತ್ರ ಸ್ಥಳೀಯ ಅಧಿಕಾರಿಗಳ ಕೈಗೆ ಸಿಕ್ಕಿತು. ಆಮೇಲೆ 47ಕ್ಕಿಂತ ತುಸು ಕೆಳಗೆ ಕುಟುಂಬಗಳ ಸಂಖ್ಯೆ ರಾಶಿ ಬಿದ್ದು, ತುಸು ಮೇಲೆ ಖಾಲಿಯಾಗುತ್ತ ಹೋಯಿತು. ಆಡ್ರಿಯಾನಾ ಕಾಮಾಚೊ ಮತ್ತು ಎಮಿಲಿ ಕೊನೊವರ್ 2011ರಲ್ಲಿ ಇದನ್ನು ಬಯಲಿಗೆಳೆದರು. ಚುನಾವಣಾ ಪೈಪೋಟಿ ಬಿರುಸಾಗಿದ್ದ ಊರುಗಳಲ್ಲಿ ಈ ತಿದ್ದುವಿಕೆ ಹೆಚ್ಚು ಎಂಬುದೂ ಅವರ ಅಧ್ಯಯನದಲ್ಲಿ ಕಂಡಿತು. ಅಂಥ ಗೆರೆಯ ಎರಡು ಬದಿಯವರು ಒಂದೇ ತೆರನವರಲ್ಲ. ಕೆಳಗಿರುವವರಲ್ಲಿ ಅಧಿಕಾರಿಯ ಪರಿಚಯವಿದ್ದವರೂ ಸೇರಿಕೊಂಡಿರುತ್ತಾರೆ, ಮೇಲೆ ಉಳಿದವರು ಆ ಪರಿಚಯ ಇಲ್ಲದವರು. ಅಲ್ಲಿ ಮಾಡಿದ ಹೋಲಿಕೆ ಯೋಜನೆಯ ಪರಿಣಾಮವನ್ನೂ ಪ್ರಭಾವದ ಪರಿಣಾಮವನ್ನೂ ಬೆರೆಸಿ ಕೊಡುತ್ತದೆ. ಒಂದೇ ದೇಶ, ಒಂದೇ ಸೂಚ್ಯಂಕ, ಆದರೆ ಒಂದು ಕಾಲದಲ್ಲಿ ಗೆರೆ ನಂಬಲರ್ಹವಲ್ಲ, ಇನ್ನೊಂದು ಕಾಲದಲ್ಲಿ ನಂಬಲರ್ಹ. ಆದ್ದರಿಂದ ಗೆರೆಯನ್ನು ಯಾರು ಎಳೆದರು, ಯಾವಾಗ ಎಳೆದರು, ಎಳೆಯುವ ಮುನ್ನ ಯಾರಿಗೆ ಗೊತ್ತಿತ್ತು ಎಂಬ ವಿವರ ಆರ್‌ಡಿ ಬಳಸಿ ವಿದ್ಯಾರ್ಥಿಗಳು ಬರೆಯುವ ಅಸೈನ್‌ಮೆಂಟಿನ ಮೊದಲ ಪುಟದಲ್ಲೇ ಬರಬೇಕು.

ಜಿಗಿತವನ್ನು ಅಳೆಯುವುದು

ವಿಶ್ಲೇಷಣೆಗೆ ಮೊದಲು ಪ್ರತಿ ವಿದ್ಯಾರ್ಥಿಯ ಅಂಕದಿಂದ 310 ಕಳೆಯಬೇಕು. ಗೆರೆ ಈಗ ಸೊನ್ನೆಗೆ ಬರುತ್ತದೆ, ಮೇಲಿನವರದು ಧನ ಸಂಖ್ಯೆ, ಕೆಳಗಿನವರದು ಋಣ ಸಂಖ್ಯೆ. ಅಂಕದ ಗೆರೆಯನ್ನು ಪರೀಕ್ಷಿಸುವಾಗ ಬಡತನದ ಮಿತಿಯೊಳಗಿರುವ ವಿದ್ಯಾರ್ಥಿಗಳನ್ನು ಮಾತ್ರ ಇಟ್ಟುಕೊಳ್ಳಬೇಕು, ಏಕೆಂದರೆ ಉಳಿದವರಿಗೆ 310 ದಾಟಿದರೂ ವೇತನವಿಲ್ಲ. ಆಮೇಲೆ ಗೆರೆಯ ಎರಡು ಬದಿಗೂ ಒಂದೊಂದು ಸರಳ ರೇಖೆಯನ್ನು ಹೊಂದಿಸಿ, ಅವು ಸೊನ್ನೆಯನ್ನು ಮುಟ್ಟುವ ಎತ್ತರಗಳ ಅಂತರವನ್ನು ನೋಡಬೇಕು. ಸಮೀಕರಣದಲ್ಲಿ ಅದು ಹೀಗಿರುತ್ತದೆ:

```
Y = a + τ·D + b·x + c·D·x
```

ಇಲ್ಲಿ `x` ಗೆರೆಯಿಂದಿರುವ ದೂರ, `D` ಗೆರೆ ದಾಟಿದ್ದರೆ 1, ಇಲ್ಲದಿದ್ದರೆ 0. ನಮಗೆ ಬೇಕಾದ ಜಿಗಿತ `τ`. ಕೊನೆಯ ಪದ ಇರುವುದರಿಂದ ಎರಡು ಬದಿಯ ರೇಖೆಗಳ ಇಳಿಜಾರು ಬೇರೆ ಬೇರೆ ಇರಬಹುದು.

ಎರಡು ಬದಿಯ ಸರಾಸರಿಗಳನ್ನು ಕಳೆದರೆ ಸಾಲದೇ, ರೇಖೆ ಏಕೆ ಎಂಬ ಪ್ರಶ್ನೆ ಸಹಜ. ಕೊಲಂಬಿಯದ ಅಧ್ಯಯನದಲ್ಲಿ ಅಂಕದ ಗೆರೆಯ ಬಳಿ ಕೂಡಲೇ ಕಾಲೇಜು ಸೇರುವವರ ಪ್ರಮಾಣ ಸುಮಾರು ಶೇ. 37ರಿಂದ ಸುಮಾರು ಶೇ. 69ಕ್ಕೆ ಜಿಗಿಯಿತು. ಲೆಕ್ಕಕ್ಕಾಗಿ ಎರಡು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ: 290 ಅಂಕದವರಲ್ಲಿ ಶೇ. 30, 330 ಅಂಕದವರಲ್ಲಿ ಶೇ. 76 ಮಂದಿ ಸೇರಿದ್ದಾರೆ, ನಡುವಿನ ಏರಿಕೆ ಸರಳ ರೇಖೆಯಲ್ಲಿದೆ. ಆಗ ಗೆರೆಯ ಕೆಳಗಿನ 20 ಅಂಕಗಳ ಸರಾಸರಿ ಶೇ. 33.5, ಮೇಲಿನ 20 ಅಂಕಗಳದು ಶೇ. 72.5, ಅಂತರ 39. ಗೆರೆಯ ಮೇಲಿನ ನಿಜವಾದ ಜಿಗಿತ 69ರಿಂದ 37 ಕಳೆದರೆ ಬರುವ 32. ಹೆಚ್ಚುವರಿ 7 ಬಂದದ್ದು ವೇತನದಿಂದಲ್ಲ, ಹೆಚ್ಚು ಅಂಕದವರು ಹೇಗೂ ಹೆಚ್ಚು ಪ್ರಮಾಣದಲ್ಲಿ ಕಾಲೇಜು ಸೇರುವುದರಿಂದ. ಆ ಇಳಿಜಾರನ್ನು ಕಳೆದುಹಾಕುವುದೇ ರೇಖೆಯ ಕೆಲಸ.

ಗೆರೆಯಿಂದ ಎಷ್ಟು ದೂರದವರೆಗಿನ ಮಕ್ಕಳನ್ನು ಸೇರಿಸಿಕೊಳ್ಳಬೇಕು ಎಂಬುದು ಇಲ್ಲಿನ ಕಷ್ಟದ ತೀರ್ಮಾನ. ಈ ವ್ಯಾಪ್ತಿಯನ್ನು ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಅಗಲ ಹೆಚ್ಚಿಸಿದರೆ ಹೆಚ್ಚು ಮಕ್ಕಳು ಸಿಗುತ್ತಾರೆ, ಅಂದಾಜು ಸ್ಥಿರವಾಗುತ್ತದೆ, ಆದರೆ ದೂರದಲ್ಲಿ ವಾಸ್ತವದ ಸಂಬಂಧ ಬಾಗಿದ್ದರೆ ಸರಳ ರೇಖೆ ಸುಳ್ಳು ಹೇಳುತ್ತದೆ. ಕಿರಿದಾಗಿಸಿದರೆ ಆ ಸುಳ್ಳು ಕಡಿಮೆಯಾಗುತ್ತದೆ, ಆದರೆ ಕೆಲವೇ ಮಕ್ಕಳ ಮೇಲೆ ನಿಂತ ಅಂದಾಜು ಅಲುಗಾಡುತ್ತದೆ. ಈ ಎರಡರ ನಡುವೆ ಲೆಕ್ಕ ಹಾಕಿ ಅಗಲವನ್ನು ಆರಿಸುವ ಕ್ರಮಗಳಿವೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಕಾಲೋನಿಕೊ, ಕಟ್ಟಾನಿಯೊ ಮತ್ತು ಟಿಟ್ಯುನಿಕ್ 2014ರಲ್ಲಿ ಕೊಟ್ಟ ಕ್ರಮ. ಅದು ಅಗಲವನ್ನು ಆರಿಸುವುದಷ್ಟೇ ಅಲ್ಲ, ರೇಖೆ ಬಾಗಿರುವುದರಿಂದ ಉಳಿಯುವ ದೋಷವನ್ನೂ ಅಂದಾಜಿಸಿ ಕಳೆದು, ಆ ಅನಿಶ್ಚಿತತೆಗೆ ತಕ್ಕಂತೆ ವಿಶ್ವಾಸಾಂತರವನ್ನು ಹಿಗ್ಗಿಸುತ್ತದೆ. ದತ್ತಾಂಶದ ಪೂರ್ತಿ ಉದ್ದಕ್ಕೂ ನಾಲ್ಕನೆಯ ಐದನೆಯ ಘಾತದ ವಕ್ರರೇಖೆ ಎಳೆಯುವ ಹಳೆಯ ರೂಢಿಯನ್ನು ಬಿಡಬೇಕು. 310ರಲ್ಲಿ ಏನಾಯಿತು ಎಂಬುದನ್ನು 150 ಅಂಕ ಬಂದವರು ತೀರ್ಮಾನಿಸುವ ಸ್ಥಿತಿ ಅದರಿಂದ ಬರುತ್ತದೆ, ಗೆಲ್ಮನ್ ಮತ್ತು ಇಂಬೆನ್ಸ್ 2019ರಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟಿದ್ದಾರೆ.

ಬಡತನದ ಮಿತಿಯೊಳಗಿನ ವಿದ್ಯಾರ್ಥಿಗಳ ದತ್ತಾಂಶ `d` ಎಂಬ ಹೆಸರಿನಲ್ಲಿದ್ದರೆ, `R` ಭಾಷೆಯಲ್ಲಿ ಇಡೀ ಕೆಲಸ ಕೆಲವೇ ಸಾಲುಗಳಷ್ಟು:

```r
library(rdrobust)
library(rddensity)
x <- d$score - 310
rdplot(y = d$enrolled, x = x)
summary(rddensity(x))
summary(rdrobust(y = d$enrolled, x = x))
summary(rdrobust(y = d$enrolled, x = x, fuzzy = d$aid))
```

ಸಾಲುಗಳು ಕಡಿಮೆಯಾದಷ್ಟೂ ಯೋಚನೆ ಹೆಚ್ಚು ಬೇಕು. `rdplot` ಕೊಡುವ ಚಿತ್ರವನ್ನು ಮೊದಲು ಬರಿಗಣ್ಣಿನಿಂದ ನೋಡಬೇಕು. ಅಲ್ಲಿ ಕಾಣದ ಜಿಗಿತ ಕೋಷ್ಟಕದಲ್ಲಿ ಮಾತ್ರ ಕಂಡರೆ ಅದನ್ನು ನಂಬುವ ಮುನ್ನ ಎರಡು ಸಲ ಯೋಚಿಸಬೇಕು.

ಅರ್ಹತೆ ಬೇರೆ, ಪಡೆದದ್ದು ಬೇರೆ

ಮೇಲಿನ 32 ಎಂಬುದು ಅರ್ಹತೆಯ ಪರಿಣಾಮ. 310 ದಾಟಿದ ಎಲ್ಲರೂ ವೇತನ ಪಡೆಯಲಿಲ್ಲ. ಕೆಲವರಿಗೆ ಬಯಸಿದ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಗಲಿಲ್ಲ, ಕೆಲವರು ಅರ್ಜಿಯನ್ನೇ ಹಾಕಲಿಲ್ಲ. ಗೆರೆ ದಾಟಿದ ಕೂಡಲೇ ವೇತನ ಪಡೆಯುವ ಸಾಧ್ಯತೆ ಸೊನ್ನೆಯಿಂದ ನೂರಕ್ಕೆ ಏರದೆ ನಡುವಿನ ಯಾವುದೋ ಮಟ್ಟಕ್ಕೆ ಏರುವ ಇಂಥ ಸಂದರ್ಭಕ್ಕೆ ಫಝಿ ಆರ್‌ಡಿ ಎಂದು ಹೆಸರು. ಗೆರೆಯ ಮೇಲಿನವರಲ್ಲಿ ಶೇ. 60 ಮಂದಿ ವೇತನ ಪಡೆದರು ಎಂದಿಟ್ಟುಕೊಂಡರೆ, 32ನ್ನು 0.60ರಿಂದ ಭಾಗಿಸಬೇಕು. ಬರುವ ಉತ್ತರ ಸುಮಾರು 53. ಅಂದರೆ ವೇತನವನ್ನು ನಿಜವಾಗಿ ಪಡೆದವರಲ್ಲಿ ಕಾಲೇಜು ಸೇರುವ ಸಾಧ್ಯತೆ ಅಷ್ಟು ಶೇಕಡಾ ಅಂಶ ಹೆಚ್ಚಿತು. ಕೊಲಂಬಿಯದಲ್ಲಿ 310ಕ್ಕಿಂತ ಕೆಳಗಿನವರಿಗೆ ವೇತನದ ಬಾಗಿಲು ಮುಚ್ಚಿತ್ತು. ಆದ್ದರಿಂದ ಈ ಸಂಖ್ಯೆಯನ್ನು ಗೆರೆಯ ಅಂಚಿನಲ್ಲಿದ್ದು ವೇತನ ಪಡೆದವರ ಮೇಲಿನ ಪರಿಣಾಮ ಎಂದು ನೇರವಾಗಿ ಓದಬಹುದು. ಕೆಳಗಿನವರಿಗೂ ಶಿಫಾರಸಿನ ಮೇಲೆ ವೇತನ ಸಿಗುವ ಕಡೆ ಹಾಗೆ ಓದಲು ಬರುವುದಿಲ್ಲ.

ಅಸೈನ್‌ಮೆಂಟಿನಲ್ಲಿ ಎರಡು ಸಂಖ್ಯೆಗಳನ್ನೂ ಕೊಡುವುದು ಒಳ್ಳೆಯದು. ಸರ್ಕಾರ ಬದಲಿಸಬಲ್ಲದ್ದು ಅರ್ಹತೆಯ ಗೆರೆಯನ್ನು, ಆದ್ದರಿಂದ ಖಜಾನೆಯ ಲೆಕ್ಕಕ್ಕೆ 32 ಮುಖ್ಯ. ಹಣ ಕೈಗೆ ಬಂದ ವಿದ್ಯಾರ್ಥಿಯ ಬದುಕಿನಲ್ಲಿ ಏನಾಯಿತು ಎಂಬುದಕ್ಕೆ ಭಾಗಿಸಿ ಬಂದ ಸಂಖ್ಯೆ ಉತ್ತರ.

ಶೇಕಡಾ ಏರಿಕೆ ಮತ್ತು ಶೇಕಡಾ ಅಂಶಗಳ ನಡುವಿನ ಗೊಂದಲವೂ ಇಲ್ಲಿ ಬೇಗ ನುಸುಳುತ್ತದೆ. 37ರಿಂದ 69ಕ್ಕೆ ಏರಿದ್ದು 32 ಶೇಕಡಾ ಅಂಶ, ಮೂಲದ 37ಕ್ಕೆ ಹೋಲಿಸಿದರೆ ಅದು ಶೇ. 86.5ರ ಏರಿಕೆ. ಅಧ್ಯಯನದ ಸಾರಾಂಶದಲ್ಲಿ ಬರುವ ಶೇ. 56.5ರಿಂದ 86.5ರವರೆಗಿನ ಏರಿಕೆ ಎಂಬುದು ಈ ಎರಡನೆಯ ರೀತಿಯದು. ಅದರಲ್ಲಿ ಎರಡು ಸಂಖ್ಯೆ ಏಕೆ ಇವೆ ಎಂಬುದನ್ನು ಬಿಡಿಸಿದರೆ ಆರ್‌ಡಿಯ ಸ್ವಭಾವವೇ ಅರ್ಥವಾಗುತ್ತದೆ. ಅಂಕದ ಗೆರೆಯಲ್ಲಿ ನಿಂತವರು ಬಡವರು, ಅಂಕ 310ರ ಆಸುಪಾಸು. ಬಡತನದ ಗೆರೆಯಲ್ಲಿ ನಿಂತವರ ಅಂಕ 310ಕ್ಕಿಂತ ಎಷ್ಟೋ ಹೆಚ್ಚಿರಬಹುದು, ಅವರು ಮಿತಿಯೊಳಗೆ ಕೊನೆಯಲ್ಲಿ ಸೇರಿಕೊಂಡ, ತುಸು ಅನುಕೂಲವಿರುವ ಮನೆಯವರು. ವೇತನವಿಲ್ಲದೆಯೂ ಕಾಲೇಜು ಸೇರುವವರು ಎರಡನೆಯ ಗುಂಪಿನಲ್ಲಿ ಹೆಚ್ಚು, ಆದ್ದರಿಂದ ಅಲ್ಲಿ ಏರಿಕೆಯ ಪ್ರಮಾಣ ಕಡಿಮೆ. ಎರಡೂ ಸಂಖ್ಯೆಗಳು ಸರಿ. ಒಂದೊಂದು ಗೆರೆ ತನ್ನ ಮೇಲೆ ನಿಂತ ಮಕ್ಕಳ ಕಥೆಯನ್ನಷ್ಟೇ ಹೇಳುತ್ತದೆ.

ನಂಬಬಹುದೇ ಎಂದು ಪರೀಕ್ಷಿಸುವುದು

ಮೊದಲ ಪರೀಕ್ಷೆ ಸಂದಣಿಯದು. ಪ್ರತಿ ಅಂಕದಲ್ಲೂ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂದು ಎಣಿಸಿ ಸ್ತಂಭನಕ್ಷೆ ಬರೆಯಬೇಕು. ಗೆರೆಯ ಒಂದು ಬದಿಯಲ್ಲಿ ರಾಶಿ, ಇನ್ನೊಂದರಲ್ಲಿ ಹಳ್ಳ ಕಂಡರೆ ಯಾರೋ ಅಂಕವನ್ನು ದಾಟಿಸಿದ್ದಾರೆ. 2008ರಲ್ಲಿ ಜಸ್ಟಿನ್ ಮೆಕ್‌ಕ್ರೇರಿ ಇದನ್ನು ಔಪಚಾರಿಕ ಪರೀಕ್ಷೆಯಾಗಿ ರೂಪಿಸಿದರು, ಮೇಲಿನ `rddensity` ಅದರ ಹೊಸ ರೂಪ. ಕೃಪಾಂಕ ಕೊಡುವ ಪದ್ಧತಿ ಇರುವಲ್ಲಿ, ಮರುಮೌಲ್ಯಮಾಪನಕ್ಕೆ ಅವಕಾಶ ಇರುವಲ್ಲಿ, ಶಾಲೆಯ ಶಿಕ್ಷಕರೇ ತಮ್ಮ ಮಕ್ಕಳ ಉತ್ತರಪತ್ರಿಕೆ ತಿದ್ದುವಲ್ಲಿ ಈ ಹಳ್ಳ ಎದ್ದು ಕಾಣುತ್ತದೆ. ಮರುಪರೀಕ್ಷೆ ಬರೆಯಬಹುದಾದರೆ ಅಂತಿಮ ಅಂಕವನ್ನು ಬಿಟ್ಟು ಮೊದಲ ಪ್ರಯತ್ನದ ಅಂಕವನ್ನು ಬಳಸಬೇಕು, ಏಕೆಂದರೆ ಛಲ ಬಿಡದವರು ಮತ್ತೆ ಮತ್ತೆ ಬರೆದು ಗೆರೆಯ ಮೇಲೆ ಸೇರಿರುತ್ತಾರೆ. ಆದರೆ ಸಂದಣಿ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ಎಲ್ಲವೂ ಶುದ್ಧ ಎಂದಲ್ಲ. ಹತ್ತು ಮಂದಿಯನ್ನು ಮೇಲೆ ತಂದು ಹತ್ತು ಮಂದಿಯನ್ನು ಕೆಳಗೆ ತಳ್ಳಿದ್ದರೆ ಸಂಖ್ಯೆ ಬದಲಾಗಿರುವುದಿಲ್ಲ.

ಆ ಬಗೆಯ ಅದಲುಬದಲನ್ನು ಹಿಡಿಯುವುದು ಎರಡನೆಯ ಪರೀಕ್ಷೆ. ವೇತನ ಸಿಗುವ ಮೊದಲೇ ನಿಶ್ಚಿತವಾಗಿದ್ದ ಸಂಗತಿಗಳು ಗೆರೆಯಲ್ಲಿ ಜಿಗಿಯಬಾರದು. ತಾಯಿಯ ವಿದ್ಯಾಭ್ಯಾಸ, ಶಾಲೆ ಸರ್ಕಾರಿಯೋ ಖಾಸಗಿಯೋ, ಹುಡುಗಿಯರ ಪ್ರಮಾಣ, ವಯಸ್ಸು ಇವನ್ನು ಒಂದೊಂದಾಗಿ ಫಲಿತಾಂಶದ ಜಾಗದಲ್ಲಿಟ್ಟು ಅದೇ ಲೆಕ್ಕ ಮಾಡಿದರೆ ಜಿಗಿತ ಸೊನ್ನೆಯ ಬಳಿ ಬರಬೇಕು. ಇಪ್ಪತ್ತು ಸಂಗತಿಗಳನ್ನು ಪರೀಕ್ಷಿಸಿದರೆ ಒಂದು ಆಕಸ್ಮಿಕವಾಗಿಯೇ ಶೇ. 5ರ ಮಟ್ಟದಲ್ಲಿ ಜಿಗಿದಂತೆ ಕಾಣುವುದು ಸಾಮಾನ್ಯ, ಅದಕ್ಕೆ ಗಾಬರಿಯಾಗಬೇಕಿಲ್ಲ. ತಾಯಿಯ ಓದು, ತಂದೆಯ ಓದು, ಮನೆಯ ಸೌಲಭ್ಯ ಮೂರೂ ಒಂದೇ ದಿಕ್ಕಿಗೆ ಜಿಗಿದಿದ್ದರೆ ಮಾತ್ರ ಗೆರೆಯ ಕಥೆಯನ್ನು ಮತ್ತೆ ಕೆದಕಬೇಕು.

ಮೂರನೆಯದು ಸುಳ್ಳು ಗೆರೆಗಳ ಪರೀಕ್ಷೆ. 300 ಅಥವಾ 320ರಲ್ಲಿ ಗೆರೆ ಇದೆ ಎಂದುಕೊಂಡು ಲೆಕ್ಕ ಹಾಕಿದರೆ ಜಿಗಿತ ಬರಬಾರದು. ಇದಕ್ಕಿಂತಲೂ ಬಲವಾದ ಪರೀಕ್ಷೆ ಎರಡು ಗೆರೆಗಳಿರುವ ಯೋಜನೆಯಲ್ಲಿ ತಾನಾಗಿಯೇ ಸಿಗುತ್ತದೆ. ಬಡತನದ ಮಿತಿಯ ಹೊರಗಿರುವ ವಿದ್ಯಾರ್ಥಿಗಳಿಗೆ 310ರಲ್ಲಿ ಏನೂ ಸಿಗುವುದಿಲ್ಲ. ಅವರಲ್ಲೂ 310ರಲ್ಲಿ ಜಿಗಿತ ಕಂಡರೆ, ವಿಶ್ವವಿದ್ಯಾಲಯಗಳು ಅದೇ ಅಂಕವನ್ನು ಪ್ರವೇಶಕ್ಕೆ ಬಳಸುತ್ತಿರಬಹುದು, ಇಲ್ಲವೆ ಬೇರೆ ಯಾವುದೋ ಸೌಲಭ್ಯ ಅಲ್ಲಿಯೇ ಶುರುವಾಗುತ್ತಿರಬಹುದು. ನಮ್ಮ ಲೆಕ್ಕ ಎಷ್ಟೇ ಸರಿಯಿದ್ದರೂ ಎರಡು ಸೌಲಭ್ಯಗಳು ಒಂದೇ ಗೆರೆಯಲ್ಲಿ ಶುರುವಾದರೆ ಅವುಗಳ ಪಾಲನ್ನು ಆರ್‌ಡಿ ಬೇರ್ಪಡಿಸಿ ಹೇಳಲಾರದು.

ಕೊನೆಯದಾಗಿ ಬ್ಯಾಂಡ್‌ವಿಡ್ತನ್ನು ಅರ್ಧಕ್ಕಿಳಿಸಿ, ಎರಡರಷ್ಟು ಮಾಡಿ, ಗೆರೆಗೆ ಅಂಟಿಕೊಂಡಿರುವ ಒಂದೆರಡು ಅಂಕದವರನ್ನು ಕೈಬಿಟ್ಟು ಲೆಕ್ಕವನ್ನು ಮತ್ತೆ ಮಾಡಬೇಕು. ಉತ್ತರ ತುಸು ಅತ್ತಿತ್ತ ಆಗುವುದು ಸಹಜ. ಒಂದು ಅಗಲದಲ್ಲಿ 32, ಇನ್ನೊಂದರಲ್ಲಿ 5 ಬಂದರೆ ಆ ದತ್ತಾಂಶಕ್ಕೆ ಉತ್ತರ ಹೇಳುವ ಶಕ್ತಿ ಇಲ್ಲ ಎಂದೇ ಬರೆಯಬೇಕು. ತನಗೆ ಬೇಕಾದ ಉತ್ತರ ಬಂದ ಅಗಲವನ್ನಷ್ಟೇ ವರದಿ ಮಾಡುವುದು ಓದುಗರಿಗೆ ಮಾಡುವ ದ್ರೋಹ.

ಗೆರೆಯಾಚೆಗೆ ಕಾಣದ್ದು

ಸೆರ್ ಪಿಲೊ ಪಾಗದ ಮುಂದಿನ ವರ್ಷಗಳಲ್ಲಿ ಈ ವಿಧಾನದ ಎರಡು ಕುರುಡು ತಾಣಗಳು ಸ್ಪಷ್ಟವಾದವು. ಎರಡನೆಯ ವರ್ಷದಿಂದ ಯೋಜನೆ ಎಲ್ಲರಿಗೂ ತಿಳಿದಿತ್ತು. ಬಡ ಮಕ್ಕಳು ವೇತನದ ಆಸೆಯಿಂದಲೇ ಹೆಚ್ಚು ಓದತೊಡಗಿದರು, ಅವರ ಸಾಬೆರ್ 11 ಅಂಕಗಳು ಏರಿದವು. ಇದನ್ನು ಬೇರೆ ಅಧ್ಯಯನಗಳು ತೋರಿಸಿದವು. ಅಂಕದ ಗೆರೆಯ ಎರಡು ಬದಿಯವರೂ ಈ ಆಸೆಯಿಂದ ಓದಿದವರೇ ಆದ್ದರಿಂದ ಅವರ ಹೋಲಿಕೆಯಲ್ಲಿ ಈ ಲಾಭ ಸುಳಿವೇ ಇಲ್ಲದಂತೆ ಅಳಿಸಿಹೋಗುತ್ತದೆ. ಅದನ್ನು ಅಳೆಯಲು ಸಂಶೋಧಕರು ಬಡತನದ ಗೆರೆಯನ್ನು ಬಳಸಬೇಕಾಯಿತು. ವೇತನದ ಕನಸು ಕಾಣಲು ಅರ್ಹರಾದವರನ್ನೂ ಅಲ್ಲದವರನ್ನೂ ಬೇರ್ಪಡಿಸುವುದು ಆ ಗೆರೆ.

ಇನ್ನೊಂದು, ವೇತನ ಪಡೆಯದವರ ಮೇಲಿನ ಪರಿಣಾಮ. ಸಾವಿರಾರು ವಿದ್ಯಾರ್ಥಿಗಳು ಹಣ ಹಿಡಿದು ಬಂದಾಗ ಖಾಸಗಿ ವಿಶ್ವವಿದ್ಯಾಲಯಗಳು ಸೀಟು ಹೆಚ್ಚಿಸಿದವು, ಬೇರೆ ಕಡೆ ಜಾಗ ತೆರವಾಯಿತು. ಅರ್ಹರಲ್ಲದವರ ದಾಖಲಾತಿಯೂ ಸುಧಾರಿಸಿತು ಎಂಬುದಕ್ಕೆ ಅದೇ 2020ರ ಅಧ್ಯಯನದಲ್ಲಿ ಸೂಚನೆಗಳಿವೆ. ಅದನ್ನು ಕಂಡುಕೊಳ್ಳಲು ಅವರು ಆರ್‌ಡಿಯನ್ನು ಬಿಟ್ಟು, ಯೋಜನೆಯ ಹಿಂದಿನ ಮತ್ತು ಮುಂದಿನ ವರ್ಷಗಳ ಬದಲಾವಣೆಯನ್ನು ಗುಂಪುಗಳ ನಡುವೆ ಹೋಲಿಸುವ ಬೇರೆ ವಿಧಾನಕ್ಕೆ ಹೋದರು. ಗೆರೆಯ ಕೆಳಗಿನವರಿಗೂ ಲಾಭವಾಗಿದ್ದರೆ ಎರಡು ಬದಿಯ ಅಂತರ ಯೋಜನೆಯ ಒಟ್ಟು ಫಲಕ್ಕಿಂತ ಕಡಿಮೆ ತೋರಿಸುತ್ತದೆ.

400 ಅಂಕ ಬಂದವರಿಗೆ ವೇತನ ಏನು ಮಾಡಿತು, ಗೆರೆಯನ್ನು 250ಕ್ಕೆ ಇಳಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೂ 310ರ ಜಿಗಿತ ಉತ್ತರವಲ್ಲ. ಮಂತ್ರಿಗಳು ಕೇಳುವುದು ಹೆಚ್ಚಾಗಿ ಈ ಎರಡನೆಯ ಪ್ರಶ್ನೆಯನ್ನೇ. ಗೆರೆಯನ್ನು ಒಂದೆರಡು ಅಂಕ ಸರಿಸುವ ಮಾತಾದರೆ ಆರ್‌ಡಿಯ ಉತ್ತರ ನೇರವಾಗಿ ಉಪಯೋಗಕ್ಕೆ ಬರುತ್ತದೆ, ದೂರ ಸರಿಸುವ ಮಾತಾದರೆ ಹೆಚ್ಚಿನ ಊಹೆಗಳು ಬೇಕಾಗುತ್ತವೆ.

ಕರ್ನಾಟಕದಲ್ಲಿ ಇದನ್ನು ಮಾಡುವುದಾದರೆ

ನಮ್ಮಲ್ಲಿ ಇಂಥ ಅಧ್ಯಯನಕ್ಕೆ ಹತ್ತಿರವಾದ ಯೋಜನೆ ಎನ್‌ಎಂಎಂಎಸ್, ಅಂದರೆ ರಾಷ್ಟ್ರೀಯ ಆದಾಯ ಹಾಗೂ ಅರ್ಹತೆ ಆಧಾರಿತ ವಿದ್ಯಾರ್ಥಿವೇತನ. 2008ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಈ ಯೋಜನೆಯಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಬೌದ್ಧಿಕ ಸಾಮರ್ಥ್ಯದ ಪತ್ರಿಕೆ ಒಂದು, ಪಠ್ಯವಿಷಯದ ಪತ್ರಿಕೆ ಒಂದು, ತಲಾ 90 ಅಂಕ. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ದೇಶದ ಒಂದು ಲಕ್ಷ ವೇತನಗಳಲ್ಲಿ ಕರ್ನಾಟಕದ ಪಾಲು 5,534.

ಇಲ್ಲಿ ಮೊದಲ ಎಡವಟ್ಟು ಗೆರೆಯನ್ನು ಆರಿಸುವುದರಲ್ಲೇ ಆಗಬಹುದು. ನಿಯಮದ ಪ್ರಕಾರ ಅರ್ಹತೆಗೆ ಶೇ. 40, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 32 ಅಂಕ ಬೇಕು. ಆದರೆ ಶೇ. 40 ದಾಟಿದ ಮಾತ್ರಕ್ಕೆ ವೇತನ ಬರುವುದಿಲ್ಲ. ನಿಗದಿತ ಸಂಖ್ಯೆಯೊಳಗೆ, ಮೀಸಲಾತಿಗೆ ಅನುಗುಣವಾಗಿ ಮೇಲಿನಿಂದ ಆರಿಸುತ್ತ ಬರುತ್ತಾರೆ. ವೇತನವನ್ನು ನಿಜವಾಗಿ ಬೇರ್ಪಡಿಸುವುದು ಪ್ರತಿ ಪಟ್ಟಿಯಲ್ಲಿ ಕೊನೆಗೆ ಆಯ್ಕೆಯಾದ ಮಗುವಿನ ಅಂಕ. ಶೇ. 40ರಲ್ಲಿ ಆರ್‌ಡಿ ಮಾಡಿ ಪರಿಣಾಮ ಸೊನ್ನೆ ಎಂದು ಬರೆದರೆ ಅದು ಯೋಜನೆಯ ಸೋಲಲ್ಲ, ವಿಶ್ಲೇಷಕರು ಗೆರೆಯನ್ನು ತಪ್ಪು ಜಾಗದಲ್ಲಿ ಹುಡುಕಿದ್ದು. ಇದನ್ನು ತಪ್ಪಿಸಲು ಮೊದಲು ವೇತನ ಪಡೆದವರ ಪ್ರಮಾಣವನ್ನೇ ಅಂಕದ ಎದುರು ಚಿತ್ರಿಸಿ, ಅದು ಎಲ್ಲಿ ಜಿಗಿಯುತ್ತದೆ ಎಂದು ನೋಡಬೇಕು.

ಪಟ್ಟಿಗಳು ಹಲವಾದ್ದರಿಂದ ಗೆರೆಗಳೂ ಹಲವು. ಪ್ರತಿ ಮಗುವಿನ ಅಂಕದಿಂದ ಅದರ ಪಟ್ಟಿಯ ಕೊನೆಯ ಅಂಕವನ್ನು ಕಳೆದರೆ ಎಲ್ಲ ಗೆರೆಗಳೂ ಸೊನ್ನೆಯಲ್ಲಿ ಸೇರುತ್ತವೆ, ಪಟ್ಟಿಗೊಂದು ಸ್ಥಿರಾಂಕ ಸೇರಿಸಿ ಒಟ್ಟಿಗೆ ವಿಶ್ಲೇಷಿಸಬಹುದು. ಇಂಥ ಗೆರೆ ಪರೀಕ್ಷೆ ಮುಗಿದು ಪಟ್ಟಿ ತಯಾರಾದ ಮೇಲಷ್ಟೇ ಗೊತ್ತಾಗುವುದರಿಂದ ಗುರಿ ಇಟ್ಟು ಅದನ್ನು ದಾಟುವುದು ಕಷ್ಟ, ಇದು ವಿಧಾನಕ್ಕೆ ಅನುಕೂಲ. ಅನನುಕೂಲವೂ ಇದೆ: ಕೊನೆಗೆ ಆಯ್ಕೆಯಾದ ಮಗುವಿನ ಅಂಕವೇ ಗೆರೆಯಾದ್ದರಿಂದ ಆ ಮಗು ವ್ಯಾಖ್ಯೆಯಿಂದಲೇ ವೇತನ ಪಡೆದಿರುತ್ತದೆ. ಪಟ್ಟಿ ಚಿಕ್ಕದಿದ್ದಾಗ ಅದರಿಂದ ಉತ್ತರ ವಾಲಬಹುದು, ಹಾಗಾಗಿ ಗೆರೆಯನ್ನು ನಿರ್ಧರಿಸಿದ ಮಗುವನ್ನು ಲೆಕ್ಕದಿಂದ ಬಿಡುವುದು ಕ್ಷೇಮ. ಒಟ್ಟು 180 ಅಂಕ ಪೂರ್ಣಸಂಖ್ಯೆಗಳಲ್ಲಿರುವುದರಿಂದ ಒಂದೇ ಅಂಕದಲ್ಲಿ ಹಲವರು ಕೂಡುತ್ತಾರೆ. ಸಮಾನ ಅಂಕದವರಲ್ಲಿ ಯಾರನ್ನು ಮೊದಲು ಆರಿಸಿದರು ಎಂಬ ನಿಯಮವನ್ನು ಇಲಾಖೆಯ ಸುತ್ತೋಲೆಯಿಂದ ತಿಳಿದುಕೊಳ್ಳದೆ ಮುಂದೆ ಹೋಗಬಾರದು.

ಆಮೇಲೆ ಬೇಕಾದದ್ದು ಫಲಿತಾಂಶ. ವೇತನ ಪಡೆದವರ ಮುಂದಿನ ಓದು ಇಲಾಖೆಗೆ ತಿಳಿದಿರುತ್ತದೆ, ಏಕೆಂದರೆ ವೇತನ ಮುಂದುವರಿಸಲು ಅವರು ಪ್ರತಿ ವರ್ಷ ನವೀಕರಿಸಬೇಕು. ಒಂದು ಅಂಕದಿಂದ ತಪ್ಪಿಹೋದ ಮಗು ಎಸ್‌ಎಸ್‌ಎಲ್‌ಸಿ ಬರೆಯಿತೇ, ಪಿಯುಸಿ ಸೇರಿತೇ ಎಂಬುದನ್ನು ಅದೇ ಕಡತ ಹೇಳುವುದಿಲ್ಲ. ಗೆರೆಯ ಒಂದು ಬದಿಯವರ ಮಾಹಿತಿ ಮಾತ್ರ ಸಿಕ್ಕರೆ ಯಾವ ಸೂತ್ರವೂ ನೆರವಿಗೆ ಬರುವುದಿಲ್ಲ. ಪರೀಕ್ಷೆ ಬರೆದ ಎಲ್ಲ ಮಕ್ಕಳ ಎನ್‌ಎಂಎಂಎಸ್ ಅಂಕವನ್ನು ಅವರ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ದಾಖಲೆಗಳೊಂದಿಗೆ ಜೋಡಿಸಿ, ಹೆಸರು ಗುರುತುಗಳನ್ನು ತೆಗೆದು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಒದಗಿಸುವ ಕೆಲಸವನ್ನು ಶಿಕ್ಷಣ ಇಲಾಖೆ ಮಾಡಬೇಕು.